ರೇಷಿಯೋ ಟೆಸ್ಟ್ ಕೈಕೊಟ್ಟಲ್ಲಿ ರೂಟ್ ಟೆಸ್ಟ್

ಪ್ರಶ್ನೆ: ಸರ್, ರೇಷಿಯೋ ಟೆಸ್ಟ್‌ಗೆ ಸಿಗದೆ ರೂಟ್ ಟೆಸ್ಟ್‌ಗೆ ಸಿಗುವ ಶ್ರೇಣಿ ಯಾವುದಾದರೂ ಇದೆಯಾ?

ಉತ್ತರ: aₙ = 2^(−n+(−1)ⁿ) ತಗೊಳ್ಳಿ. ರಾಯಚೂರಿನ ನಮ್ಮ ಬಿ.ಎಸ್ಸಿ. ತರಗತಿಯಲ್ಲಿ ಮೊದಲು ಪದಗಳನ್ನೇ ಬೋರ್ಡಿನ ಮೇಲೆ ಬರೆಸುತ್ತೇನೆ: 1/4, 1/2, 1/16, 1/8, 1/64, 1/32… n ಸಮವಾದರೆ ಪದ 1/2ⁿ ರ ಎರಡರಷ್ಟು, ಬೆಸವಾದರೆ ಅದರ ಅರ್ಧ. ಹಾಗಾಗಿ ಪಕ್ಕದ ಪದಗಳ ಅನುಪಾತ ಒಮ್ಮೆ 2, ಮರುಸಲ 1/8. ಎಂದೂ ಒಂದು ಕಡೆ ನಿಲ್ಲುವುದಿಲ್ಲ. 2 ಕಂಡ ಕೂಡಲೇ ಹಲವರು ಡೈವರ್ಜೆಂಟ್ ಎಂದು ಬರೆದುಬಿಡುತ್ತಾರೆ, ಅದು ತಪ್ಪು. ಅನುಪಾತ ಹೀಗೆ 1ರ ಆಚೀಚೆ ಜೀಕುತ್ತಿದ್ದರೆ ಆ ಟೆಸ್ಟ್ ಯಾವ ತೀರ್ಮಾನವನ್ನೂ ಕೊಡುವುದಿಲ್ಲ.

n-ನೇ ಮೂಲ ತೆಗೆದರೆ 2^(−1+(−1)ⁿ/n). ಆ ±1 ಅನ್ನು n ಭಾಗಿಸುತ್ತಾ ಹೋಗಿ ಕರಗಿಸಿಬಿಡುತ್ತದೆ. ಮಿತಿ 1/2, ಅಂದರೆ ಕನ್ವರ್ಜೆಂಟ್. ನನಗೆ ಬಹಳ ಇಷ್ಟವಾದದ್ದು ಇದು: ಇದು 1/2 + 1/4 + 1/8 + … ಶ್ರೇಣಿಯೇ, ಎರಡೆರಡು ಪದಗಳು ಜಾಗ ಅದಲುಬದಲು ಮಾಡಿಕೊಂಡಿವೆ. ಮೊತ್ತ 1.