ಫಾಯಿಲ್ ಸರಿಯಾಗಿಯೇ ಹೋಯಿತು, ಬಣ್ಣ ಸುಳ್ಳು ಹೇಳಿತು

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಲಾಳಾಕಾರದ ಆಯಸ್ಕಾಂತವನ್ನು ಮಗ್ಗುಲಾಗಿ ಇಟ್ಟು, ಅದರ ಬಾಯಿಯ ನಡುವೆ ಅಲ್ಯೂಮಿನಿಯಂ ಫಾಯಿಲ್ ಪಟ್ಟಿ ಹಾಯಿಸಿ ಕರೆಂಟು ಕೊಟ್ಟೆ. ಎಡಗೈ ನಿಯಮದಂತೆ ಪಟ್ಟಿ ನನ್ನ ಕಡೆಗೆ ಬರಬೇಕಿತ್ತು, ಆದರೆ ಆಯಸ್ಕಾಂತದ ಒಳಕ್ಕೆ ಹೋಯಿತು. ಮಕ್ಕಳು ನಕ್ಕರು. ನಿಯಮ ಎಲ್ಲಾದರೂ ತಪ್ಪುತ್ತದೆಯೇ ಸರ್? ಚಿತ್ರ ಲಗತ್ತಿಸಿದ್ದೇನೆ.

ಉತ್ತರ: ತಪ್ಪುವುದಿಲ್ಲ ಮೇಡಂ. ಡಿಸೆಂಬರ್, ಜನವರಿ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರೆಲ್ಲ ಎಡಗೈ ನಿಯಮ ಕೊಟ್ಟ ಫ್ಲೆಮಿಂಗ್ ಅವರನ್ನು ಅನುಮಾನಿಸುತ್ತಾರೆಯೇ ಹೊರತು ಆಯಸ್ಕಾಂತಕ್ಕೆ ಬಣ್ಣ ಬಳಿದವನನ್ನು ಅನುಮಾನಿಸಿದವರನ್ನು ನಾನು ಕಂಡಿಲ್ಲ. ಯಾವ ಬೆರಳು ಯಾವುದಕ್ಕೆ ಎಂದು ಇಲ್ಲಿ ಹೇಳುತ್ತಾ ಕೂರುವುದಿಲ್ಲ, ಅದು ನಿಮ್ಮ ಪಠ್ಯಪುಸ್ತಕದಲ್ಲಿದೆ.

ನಿಮ್ಮ ಚಿತ್ರದಲ್ಲಿ ಆಯಸ್ಕಾಂತದ ಬಾಯಿ ನಿಮ್ಮ ಕಡೆಗಿದೆ. ಉತ್ತರ ಧ್ರುವ ಕೆಳಗೆ, ದಕ್ಷಿಣ ಧ್ರುವ ಮೇಲೆ, ಅಂದರೆ ಕಾಂತಕ್ಷೇತ್ರ ಕೆಳಗಿನಿಂದ ಮೇಲಕ್ಕೆ. ಸೆಲ್‌ನ ಪ್ಲಸ್ ತುದಿ ಪಟ್ಟಿಯ ಎಡತುದಿಗೆ ಸೇರಿದೆ, ಅಂದರೆ ಪ್ರವಾಹ ಎಡದಿಂದ ಬಲಕ್ಕೆ. ಎಡಗೈಯ ತೋರುಬೆರಳನ್ನು ಮೇಲಕ್ಕೆ, ಮಧ್ಯದ ಬೆರಳನ್ನು ಬಲಕ್ಕೆ ಚಾಚಿದರೆ ಹೆಬ್ಬೆರಳು ನಿಮ್ಮ ಎದೆಗೆ ನೆಟ್ಟಿರುತ್ತದೆ. ನಿಮ್ಮ ಲೆಕ್ಕ ಸರಿ.

ಎಡಗೈಯನ್ನು ನಂಬದವರು ಅದನ್ನು ಬಳಸದೆಯೂ ಇದೇ ಉತ್ತರಕ್ಕೆ ಬರಬಹುದು. ತಂತಿಯ ಸುತ್ತಲಿನ ವೃತ್ತಾಕಾರದ ಬಲರೇಖೆಗಳನ್ನು ಒಂದು ಪಾಠದಲ್ಲಿ, ವಾಹಕದ ಮೇಲಿನ ಬಲವನ್ನು ಇನ್ನೊಂದು ಪಾಠದಲ್ಲಿ ಕಲಿಸಿ, ಎರಡಕ್ಕೂ ಸಂಬಂಧವೇ ಇಲ್ಲ ಎಂಬಂತೆ ಬಿಡುವುದು ನಮ್ಮ ಶಾಲೆಗಳ ರೂಢಿ. ಸಂಬಂಧ ಇದೆ. ಪಟ್ಟಿಯ ಬಲತುದಿಯ ಕಡೆಗೆ ಹೋಗಿ ನಿಂತು ಎಡಕ್ಕೆ ನೋಡಿ. ಪ್ರವಾಹ ಈಗ ನಿಮ್ಮ ಮುಖದತ್ತ ಬರುತ್ತಿದೆ. ಬಲಗೈ ಹೆಬ್ಬೆರಳನ್ನು ನಿಮ್ಮತ್ತ ತಿರುಗಿಸಿ ಪಟ್ಟಿಯನ್ನು ಹಿಡಿದಂತೆ ಭಾವಿಸಿದರೆ ಬೆರಳುಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತವೆ. ಹಾಗಾದರೆ ಪಟ್ಟಿಯ ಬಲಗಡೆ, ಅಂದರೆ ಆಯಸ್ಕಾಂತದ ಒಳಬಾಗಿನ ಕಡೆ, ಪಟ್ಟಿಯದೇ ಕ್ಷೇತ್ರ ಮೇಲ್ಮುಖವಾಗಿದೆ. ಎಡಗಡೆ, ಅಂದರೆ ನೀವು ಮೊದಲು ನಿಂತಿದ್ದ ಕಡೆ, ಅದು ಕೆಳಮುಖ. ಆಯಸ್ಕಾಂತದ ಕ್ಷೇತ್ರವಂತೂ ಎರಡೂ ಕಡೆ ಮೇಲ್ಮುಖವೇ. ಒಳಗಡೆ ಎರಡೂ ಕೂಡಿಕೊಂಡು ರೇಖೆಗಳು ದಟ್ಟವಾಗುತ್ತವೆ. ನಿಮ್ಮ ಕಡೆ ಒಂದನ್ನೊಂದು ಕಳೆದುಕೊಂಡು ವಿರಳವಾಗುತ್ತವೆ. ವಾಹಕವನ್ನು ದಟ್ಟ ಕಡೆಯಿಂದ ವಿರಳ ಕಡೆಗೆ ತಳ್ಳಲಾಗುತ್ತದೆ, ಅಂದರೆ ನಿಮ್ಮತ್ತ. ಎಡಗೈ ನಿಯಮ ಇಷ್ಟನ್ನೇ ಮೂರು ಬೆರಳಿನಲ್ಲಿ ಅಡಕ ಮಾಡಿದೆ.

ಪಟ್ಟಿ ಅಲ್ಲಾಡಿದ್ದು ಗಾಳಿಗಿರಬಹುದು, ಭೂಮಿಯ ಕಾಂತಕ್ಷೇತ್ರ ಅಡ್ಡ ಬಂದಿರಬಹುದು ಎಂದು ಸಮಾಧಾನ ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಶಾಲೆಯ ಲಾಳದ ಬಾಯಲ್ಲಿ ಕ್ಷೇತ್ರ 0.05 ಟೆಸ್ಲಾ ಎಂದುಕೊಳ್ಳಿ. ಪ್ರವಾಹ 2 ಆಂಪಿಯರ್, ಧ್ರುವಗಳ ನಡುವೆ ಸಿಕ್ಕ ಪಟ್ಟಿಯ ಉದ್ದ 3 ಸೆಂಟಿಮೀಟರ್. ಮೂರನ್ನೂ ಗುಣಿಸಿದರೆ ಬಲ 0.003 ನ್ಯೂಟನ್, ಸುಮಾರು 0.3 ಗ್ರಾಂ ತೂಕದಷ್ಟು. 10 ಸೆಂಟಿಮೀಟರ್ ಉದ್ದ, ಅರ್ಧ ಸೆಂಟಿಮೀಟರ್ ಅಗಲದ ಅಡುಗೆಮನೆ ಫಾಯಿಲ್ ಪಟ್ಟಿಯ ತೂಕ 0.02 ಗ್ರಾಂ ಕೂಡ ಇರುವುದಿಲ್ಲ. ತನ್ನ ತೂಕದ ಹದಿನೈದು ಇಪ್ಪತ್ತು ಪಟ್ಟು ಬಲ ಬಿದ್ದಾಗ ಅದು ಅನುಮಾನಕ್ಕೆ ಎಡೆಯಿಲ್ಲದಂತೆ ಚಿಮ್ಮುತ್ತದೆ. ಭೂಮಿಯ ಕ್ಷೇತ್ರ ಲಾಳದ ಕ್ಷೇತ್ರದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಹಾಗಾಗಿ ಪಟ್ಟಿ ಒಳಕ್ಕೆ ಹೋಯಿತು ಎಂದರೆ ನಿಮ್ಮ ಎರಡು ಗುರುತುಗಳಲ್ಲಿ ಒಂದು ತಪ್ಪು: ಪ್ಲಸ್ ಎಂದುಕೊಂಡ ತುದಿ, ಇಲ್ಲವೇ ಉತ್ತರ ಎಂದುಕೊಂಡ ಧ್ರುವ.

ಸೆಲ್ ತಿರುಗಿಸಿ ಹಾಕಿದೆ, ಆಗ ಸರಿಹೋಯಿತು ಎಂದು ಬರೆಯಬೇಡಿ. ತಿರುಗಿಸಿದರೆ ಪಟ್ಟಿಯೂ ತಿರುಗಲೇಬೇಕು, ಅದರಿಂದ ಯಾವ ಗುರುತು ತಪ್ಪೆಂದು ತಿಳಿಯುವುದಿಲ್ಲ. ಇನ್ನೊಂದು ಮಾತು: ಎರಡೂ ಗುರುತು ತಪ್ಪಾಗಿದ್ದರೆ ಉತ್ತರ ಸರಿಯಾಗಿಯೇ ಬರುತ್ತದೆ. ಪ್ರಯೋಗ ಸಲೀಸಾಗಿ ನಡೆಯಿತೆಂದು ಬೀಗುವ ಅನೇಕ ಶಾಲೆಗಳ ಕಪಾಟಿನಲ್ಲಿ ಏನಿದೆಯೋ ದೇವರಿಗೇ ಗೊತ್ತು.

ಟಾರ್ಚ್ ಸೆಲ್‌ನ ಉಬ್ಬು ಇರುವ ತುದಿ ಪ್ಲಸ್. ಇದು ನಂಬಬಹುದಾದ ಗುರುತು, ಇಲ್ಲಿಂದಲೇ ಶುರು ಮಾಡಿ. ಎಲೆಕ್ಟ್ರಾನ್ ಹೋಗುವ ದಿಕ್ಕಿಗೆ ಮಧ್ಯದ ಬೆರಳು ಚಾಚಿದ್ದರೆ ತಪ್ಪು ಅಲ್ಲಿಯೇ ಸಿಕ್ಕಿತು. ಪ್ರವಾಹದ ದಿಕ್ಕು ಪ್ಲಸ್‌ನಿಂದ ಹೊರಟು ತಂತಿಯ ಮೂಲಕ ಮೈನಸ್‌ಗೆ.

ಆಮೇಲೆ ದಿಕ್ಸೂಚಿಯನ್ನು ಬೆಳಗಿನ ಹೊತ್ತು ಅಂಗಳಕ್ಕೆ ಒಯ್ಯಿರಿ. ಸೂರ್ಯನನ್ನು ಬಲಗೈ ಕಡೆ ಇಟ್ಟುಕೊಂಡು ನಿಂತರೆ ಮುಂದೆ ಇರುವುದು ಉತ್ತರ. ಮುಳ್ಳಿನ ಕೆಂಪು ತುದಿ ಅತ್ತ ತೋರಿಸುತ್ತದೆಯೇ? ನಗಬೇಡಿ. ಒಮ್ಮೆ ಶಿಕ್ಷಕರ ತರಬೇತಿಯೊಂದರಲ್ಲಿ ನನ್ನದೇ ಪಟ್ಟಿ ಅಷ್ಟು ಜನರ ಎದುರು ತಪ್ಪು ದಿಕ್ಕಿಗೆ ಚಿಮ್ಮಿತು. ಊಟದ ಬಿಡುವಿನಲ್ಲಿ ಪ್ರಯೋಗಾಲಯದ ಡ್ರಾಯರ್ ಎಳೆದು ನೋಡಿದರೆ ಹನ್ನೆರಡು ದಿಕ್ಸೂಚಿಗಳು, ಅವುಗಳ ಮೇಲೇ ಹರಡಿಬಿದ್ದ ದಂಡಕಾಂತಗಳು. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಏಳು ಉತ್ತರಕ್ಕೆ ನೋಡಿದವು, ಐದು ಅಚ್ಚುಕಟ್ಟಾಗಿ ದಕ್ಷಿಣಕ್ಕೆ ನೋಡಿದವು. ಬಲವಾದ ಆಯಸ್ಕಾಂತದ ಪಕ್ಕ ಬಿದ್ದಿರುವ ಮುಳ್ಳು ತನ್ನ ಧ್ರುವವನ್ನೇ ಬದಲಾಯಿಸಿಕೊಳ್ಳುತ್ತದೆ. ಬಣ್ಣ ಮಾತ್ರ ಹಾಗೇ ಉಳಿಯುತ್ತದೆ. ಅಂದು ಬೆಳಿಗ್ಗೆ ನಾನು ಲಾಳದ ಧ್ರುವವನ್ನು ಗುರುತಿಸಿದ್ದು ಆ ಐದರಲ್ಲೊಂದರಿಂದ.

ಮುಳ್ಳಿನ ಯಾವ ತುದಿ ಉತ್ತರಕ್ಕೆ ತಿರುಗುತ್ತದೋ ಅದಕ್ಕೆ ನೀವೇ ಪೆನ್ನಿನಿಂದ ಗುರುತು ಹಾಕಿ. ಈಗ ಸೆಲ್‌ಗೂ ದಿಕ್ಸೂಚಿಗೂ ಮುಖಾಮುಖಿ ಮಾಡಿಸಿ. ತಂತಿಯನ್ನು ಮುಳ್ಳಿನ ಮೇಲೆ 2 ಸೆಂಟಿಮೀಟರ್ ಎತ್ತರದಲ್ಲಿ, ಮುಳ್ಳಿಗೆ ಸಮಾನಾಂತರವಾಗಿ ಹಿಡಿದು ದಕ್ಷಿಣದಿಂದ ಉತ್ತರಕ್ಕೆ ಪ್ರವಾಹ ಹರಿಸಿ. ಗುರುತು ಹಾಕಿದ ತುದಿ ಪಶ್ಚಿಮಕ್ಕೆ ಸರಿಯಬೇಕು. ಬಲಗೈ ಹೆಬ್ಬೆರಳು ಉತ್ತರಕ್ಕಿದ್ದರೆ ತಂತಿಯ ಕೆಳಗೆ ಬೆರಳುಗಳು ಪಶ್ಚಿಮಕ್ಕೇ ಹೋಗುತ್ತವೆ, ಹಿಡಿದು ನೋಡಿಕೊಳ್ಳಿ. ಮುಳ್ಳು ಪೂರ್ತಿ ಅಡ್ಡಕ್ಕೆ ತಿರುಗಲಿಲ್ಲ ಎಂದು ಮತ್ತೆ ಪತ್ರ ಬರೆಯಬೇಡಿ. 2 ಆಂಪಿಯರ್ ಹರಿಯುವ ತಂತಿಯಿಂದ 2 ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ 20 ಮೈಕ್ರೋಟೆಸ್ಲಾ. ನಮ್ಮ ಕಡೆ ಭೂಮಿ ಮುಳ್ಳನ್ನು ಉತ್ತರಕ್ಕೆ ಎಳೆಯುವ ಕ್ಷೇತ್ರ ಸುಮಾರು 40. ಇಬ್ಬರ ಜಗ್ಗಾಟದಲ್ಲಿ ಮುಳ್ಳು 27 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ತಂತಿಯನ್ನು ಪೂರ್ವ ಪಶ್ಚಿಮವಾಗಿ ಹಿಡಿದರೆ ಅದರ ಕ್ಷೇತ್ರ ಮುಳ್ಳಿನ ಉದ್ದಕ್ಕೇ ಬೀಳುತ್ತದೆ, ಮುಳ್ಳು ಕದಲುವುದೇ ಇಲ್ಲ. 1820ರಲ್ಲಿ ಓರ್ಸ್ಟೆಡ್ ಕಂಡದ್ದನ್ನು ಕಾಣದೆ ನಿರಾಶರಾದವರಲ್ಲಿ ಹೆಚ್ಚಿನವರು ತಂತಿಯನ್ನು ಹೀಗೆ ಅಡ್ಡ ಹಿಡಿದವರೇ.

ಕೊನೆಗೆ ಲಾಳ. ದಿಕ್ಸೂಚಿಯಿಂದ ಒಂದು ಗೇಣು ದೂರದಲ್ಲಿ ಅದರ ಒಂದು ತುದಿಯನ್ನು ಪಕ್ಕದಿಂದ ತೋರಿಸಿ, ಮುಳ್ಳು ವಾಲುತ್ತಿದ್ದಂತೆ ನಿಲ್ಲಿಸಿ. ಗುರುತಿನ ತುದಿಯನ್ನು ಎಳೆದುಕೊಂಡದ್ದು ದಕ್ಷಿಣ ಧ್ರುವ. ತಾಗಿಸಿ ಪರೀಕ್ಷಿಸಲು ಹೋದರೆ ಈಗಷ್ಟೇ ಸರಿಪಡಿಸಿದ ದಿಕ್ಸೂಚಿ ಮತ್ತೆ ತಿರುಗಿಬೀಳುತ್ತದೆ, ನೀವು ಮೊದಲಿನ ಹಳ್ಳಕ್ಕೇ ಬೀಳುತ್ತೀರಿ. ನಿಮ್ಮ ಲಾಳದಲ್ಲಿ ಕೆಂಪು ತುದಿ ದಕ್ಷಿಣವೆಂದು ಗೊತ್ತಾಗುವ ಸಂಭವವೇ ಹೆಚ್ಚು. ಗೊತ್ತಾದರೆ ಬಣ್ಣದ ಮೇಲೆ ಕಾಗದ ಅಂಟಿಸಿ ಸರಿಯಾದ ಅಕ್ಷರ ಬರೆಯಿರಿ, ಮಕ್ಕಳ ಎದುರಿಗೇ ಬರೆಯಿರಿ.

ಇಷ್ಟೆಲ್ಲ ಮಾಡಿಯೂ ಉಲ್ಟಾ ಬಂದರೆ ನೀವು ಚಾಚಿದ್ದು ಯಾವ ಕೈ ಎಂದು ನೋಡಿಕೊಳ್ಳಿ. ಪರೀಕ್ಷಾ ಕೊಠಡಿಯಲ್ಲಿ ಮಕ್ಕಳು ಬಲಗೈಯಲ್ಲಿ ಪೆನ್ನು ಹಿಡಿದು, ಬಲಗೈ ನಿಯಮಕ್ಕೂ ಎಡಗೈಯನ್ನೇ ತಿರುಚಾಡುವುದನ್ನು ಮೇಲ್ವಿಚಾರಕನಾಗಿ ಎಷ್ಟೋ ಬಾರಿ ನೋಡಿದ್ದೇನೆ. ಬಾಯಿಬಿಡುವಂತಿರಲಿಲ್ಲ.

ಪ್ರಶ್ನೆ: ಸಣ್ಣ ಸೆಲ್ ಬೇಗ ಮುಗಿಯುತ್ತದೆ. ಇದೇ ಪ್ರಯೋಗಕ್ಕೆ ಸ್ಕೂಟರ್ ಬ್ಯಾಟರಿ ಬಳಸಬಹುದೇ?

ಉತ್ತರ: ಬೇಡ. ಪಟ್ಟಿ ಚಿಮ್ಮುವ ಬದಲು ಉರಿದುಹೋಗುತ್ತದೆ, ಅದರ ಮೇಲೆ ಬಗ್ಗಿ ನೋಡುತ್ತಿರುವುದು ಮಕ್ಕಳ ಮುಖ. ಮೊಬೈಲ್ ಬ್ಯಾಟರಿಯಂತೂ ಇನ್ನೂ ಬೇಡ. ಫಾಯಿಲ್ ಪಟ್ಟಿ ಎಂದರೆ ಹೆಚ್ಚು ಕಡಿಮೆ ಶಾರ್ಟ್ ಸರ್ಕ್ಯೂಟೇ. ದಪ್ಪ ಟಾರ್ಚ್ ಸೆಲ್ ಒಂದೇ ಸಾಕು, ತಂತಿಯನ್ನು ಒಂದು ಸೆಕೆಂಡ್ ಮುಟ್ಟಿಸಿ ಬಿಡಿ. ನೀವು ಹಿಡಿದೇ ನಿಲ್ಲುವುದರಿಂದ ಸೆಲ್ ಮುಗಿಯುತ್ತಿದೆ.

ಪ್ರಶ್ನೆ: ಗೋಡೆಯ ಪ್ಲಗ್ಗಿನ ಕರೆಂಟನ್ನು ಟ್ರಾನ್ಸ್‌ಫಾರ್ಮರ್‌ನಿಂದ ಇಳಿಸಿ ಕೊಟ್ಟರೆ ಪಟ್ಟಿ ಯಾವ ಕಡೆ ಹೋಗುತ್ತದೆ?

ಉತ್ತರ: ಎರಡೂ ಕಡೆ, ಸೆಕೆಂಡಿಗೆ 50 ಬಾರಿ. ನಿಮಗೆ ಕಾಣುವುದು ನಡುಕ ಮಾತ್ರ.

ಪ್ರಶ್ನೆ: ಹೊಸ ಕ್ಲ್ಯಾಂಪ್ ಮೀಟರ್ ಕೊಂಡೆ. ಓಡುತ್ತಿರುವ ಮಿಕ್ಸಿಯ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದನೇ?

ಉತ್ತರ: ಇಲ್ಲ, ಮೀಟರ್ ಪ್ರಾಮಾಣಿಕವಾಗಿದೆ. ಅದು ಓದುವುದು ತಂತಿಯ ಸುತ್ತಲಿನ ಕಾಂತಕ್ಷೇತ್ರವನ್ನು. ಮಿಕ್ಸಿಯ ವೈರಿನೊಳಗೆ ಫೇಸ್ ಮತ್ತು ನ್ಯೂಟ್ರಲ್ ಒತ್ತಾಗಿ ಕೂತಿವೆ. ಒಂದರಲ್ಲಿ ಹೋದ ಪ್ರವಾಹವೇ ಇನ್ನೊಂದರಲ್ಲಿ ವಾಪಸು ಬರುತ್ತದೆ, ಎರಡರ ಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಮೀಟರಿನ ದವಡೆಯೊಳಗೆ ಒಂದೇ ಎಳೆ ಇರಬೇಕು. ಹಾಗೆಂದು ವೈರಿನ ಮೇಲ್ಹೊದಿಕೆ ಸೀಳಲು ಹೋಗಬೇಡಿ. ಮನೆಗೆಲ್ಲ ಕರೆಂಟು ಹಂಚುವ ಡಿ.ಬಿ. ಪೆಟ್ಟಿಗೆಯಲ್ಲಿ ಎಳೆಗಳು ಬೇರೆ ಬೇರೆಯಾಗಿರುತ್ತವೆ, ಅಲ್ಲಿ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ ನೋಡಿ.

ಪ್ರಶ್ನೆ: ಮನೆಯ ವೈರಿಂಗ್‌ನ ಕಾಂತಕ್ಷೇತ್ರ ರಕ್ತದ ಕಬ್ಬಿಣಾಂಶವನ್ನು ಎಳೆಯುತ್ತದೆ, ಅದಕ್ಕೇ ಉತ್ತರಕ್ಕೆ ತಲೆಯಿಟ್ಟು ಮಲಗಬಾರದು ಎಂದು ಒಬ್ಬರು ತಾಮ್ರದ ತಗಡು ಮಾರುತ್ತಿದ್ದಾರೆ. ಕೊಳ್ಳಲೇ?

ಉತ್ತರ: ರಕ್ತದ ಕಬ್ಬಿಣ ಮೊಳೆಯ ಕಬ್ಬಿಣವಲ್ಲ, ಅದು ಆಯಸ್ಕಾಂತಕ್ಕೆ ಅಂಟುವುದಿಲ್ಲ. ತಾಮ್ರದ ತಗಡು ಭೂಮಿಯ ಕಾಂತಕ್ಷೇತ್ರವನ್ನು ತಡೆಯುವುದೂ ಇಲ್ಲ. ಬೇಕಿದ್ದರೆ ದಿಕ್ಸೂಚಿಯ ಮೇಲೆ ತಗಡು ಮುಚ್ಚಿ, ಒಂದು ಅಂಚಿನಿಂದ ಇಣುಕಿ, ಮುಳ್ಳು ಕದಲಿತೇ ಎಂದು ಆ ಮಾರುವವರಿಂದಲೇ ಹೇಳಿಸಿ.