ಕರೆಂಟು ಹೋದಾಗಲೆಲ್ಲ ಜಾಗ ಬದಲಿಸುವ ಪ್ರಿಂಟರ್

ಪ್ರಶ್ನೆ: ಮನೆಯಲ್ಲೇ ಚಿಕ್ಕ ಕಚೇರಿ ಇಟ್ಟುಕೊಂಡಿದ್ದೇನೆ. ಕರೆಂಟು ಹೋಗಿ ಬಂದ ಮೇಲೆ ಕಂಪ್ಯೂಟರು ಪ್ರಿಂಟರನ್ನು ‘ಆಫ್‌ಲೈನ್’ ಎಂದು ತೋರಿಸುತ್ತದೆ. ರೂಟರಿನ ಪಟ್ಟಿಯಲ್ಲಿ ಅದರ ಐಪಿ ಸಂಖ್ಯೆಯೂ ಬೇರೆ, ಜಾಗವೂ ಬೇರೆ. ಅದು ಒಂದೇ ಕಡೆ ನಿಲ್ಲಬೇಕಾದರೆ ಪ್ರಿಂಟರಿನಲ್ಲೇ ಸಂಖ್ಯೆ ಬರೆದಿಟ್ಟರೆ ಸಾಲದೇ?

ಉತ್ತರ: ಸಾಲುತ್ತದೆ, ಕೆಲವು ದಿನಗಳ ಮಟ್ಟಿಗೆ. ನಿಮ್ಮ ರೂಟರು 192.168.1.100ರಿಂದ 192.168.1.199ರವರೆಗಿನ ಸಂಖ್ಯೆಗಳನ್ನು ಹಂಚುತ್ತದೆ ಎಂದುಕೊಳ್ಳಿ. ನೀವು ಪ್ರಿಂಟರಿನ ಗುಂಡಿಗಳನ್ನು ಒತ್ತಿ ಅದಕ್ಕೆ 192.168.1.105 ಎಂದು ಬರೆದಿಟ್ಟಿರಿ. ಈ ಸಂಗತಿ ರೂಟರಿಗೆ ಗೊತ್ತಿಲ್ಲ. ಪ್ರಿಂಟರ್ ಆಫ್ ಆಗಿರುವ ಒಂದು ಸಂಜೆ ಮನೆಗೆ ಬಂದ ನೆಂಟರ ಮೊಬೈಲಿಗೆ ಅದು 105ನ್ನೇ ಕೊಟ್ಟುಬಿಡಬಹುದು. ಮರುದಿನ ಪ್ರಿಂಟರ್ ಹಾಕಿದಾಗ ಒಂದೇ ಸಂಖ್ಯೆಗೆ ಇಬ್ಬರು ವಾರಸುದಾರರು. ಮುದ್ರಣ ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ. ಪೂರ್ತಿ ಕೆಟ್ಟದ್ದನ್ನು ಹುಡುಕುವುದು ಸುಲಭ, ಆಗೊಮ್ಮೆ ಈಗೊಮ್ಮೆ ಕೆಡುವುದನ್ನು ಹುಡುಕುವಾಗ ತಲೆ ಚಿಟ್ಟು ಹಿಡಿಯುತ್ತದೆ. ಆದ್ದರಿಂದ ಸಂಖ್ಯೆ ಹಂಚುವವನ ಬಳಿಯೇ ಅದನ್ನು ಕಾಯ್ದಿರಿಸುವುದು ಮೇಲು.

ರೂಟರು ಸಂಖ್ಯೆಗಳನ್ನು ಗಡುವಿನ ಮೇಲೆ ಬಾಡಿಗೆಗೆ ಕೊಡುತ್ತದೆ. ಯಾರಿಗೆ ಯಾವುದು ಕೊಟ್ಟೆ ಎಂಬ ಲೆಕ್ಕವನ್ನು ಎಷ್ಟೋ ಮನೆಬಳಕೆಯ ರೂಟರುಗಳು ತಾತ್ಕಾಲಿಕ ನೆನಪಿನಲ್ಲಿ ಇಟ್ಟುಕೊಳ್ಳುವುದರಿಂದ ಕರೆಂಟು ಹೋದರೆ ಲೆಕ್ಕವೂ ಹೋಗುತ್ತದೆ. ಮತ್ತೆ ಬಂದಾಗ ಮೊದಲು ಕೇಳಿದವರಿಗೆ ಮೊದಲು. ಪ್ರಿಂಟರ್ ನಿಧಾನವಾಗಿ ಎದ್ದು ಬರುವಷ್ಟರಲ್ಲಿ ಅದರ ಹಳೆಯ ಸಂಖ್ಯೆ ಬೇರೆಯವರ ಪಾಲಾಗಿರಬಹುದು. ಅನೇಕ ರೂಟರುಗಳು ಪಟ್ಟಿಯನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸುವುದರಿಂದ ಅಲ್ಲಿನ ಜಾಗವೂ ಬದಲಾಗುತ್ತದೆ.

ಪ್ರಿಂಟರಿನಲ್ಲಿ ಸಂಖ್ಯೆ ಬರೆದಿಟ್ಟಿದ್ದರೆ ಮೊದಲು ಅದನ್ನು ತೆಗೆದು, ‘ತಾನಾಗಿ ಪಡೆ’ ಎಂಬ ಆಯ್ಕೆಗೆ ಮರಳಿಸಿ. ಬಳಿಕ ಅದರ ನೆಟ್‌ವರ್ಕ್ ವಿವರದ ಪುಟವನ್ನು ಮುದ್ರಿಸಿಕೊಳ್ಳಿ. ಅದರಲ್ಲಿ 3C:2A:F4:10:7B:9E ಎಂಬಂತೆ ಆರು ಜೋಡಿಗಳ ಮ್ಯಾಕ್ ವಿಳಾಸ ಇರುತ್ತದೆ, ರೂಟರು ಯಂತ್ರವನ್ನು ಗುರುತು ಹಿಡಿಯುವುದು ಇದರಿಂದಲೇ. ಕೇಬಲ್ಲಿಗೆ ಒಂದು, ವೈಫೈಗೆ ಇನ್ನೊಂದು ಇದ್ದರೆ ನೀವು ಬಳಸುವುದು ಯಾವುದೋ ಅದನ್ನೇ ತೆಗೆದುಕೊಳ್ಳಿ. ತಪ್ಪು ನಡೆಯುವುದು ಹೆಚ್ಚಾಗಿ ಇಲ್ಲಿಯೇ.

ಈಗ ಬ್ರೌಸರಿನಲ್ಲಿ ರೂಟರಿನ ಪುಟ ತೆರೆದು ಸಂಖ್ಯೆ ಹಂಚುವ `DHCP Server` ವಿಭಾಗಕ್ಕೆ ಹೋಗಿ. `Address Reservation` ಎಂದೋ `Static DHCP` ಎಂದೋ ಒಂದು ಸಾಲು ಸಿಗುತ್ತದೆ. ಅಲ್ಲಿ ಮ್ಯಾಕ್ ವಿಳಾಸವನ್ನೂ ಬೇಕಾದ ಸಂಖ್ಯೆಯನ್ನೂ ತುಂಬಿ ಉಳಿಸಿ. ನಾನಾದರೆ ಹಂಚುವ ವ್ಯಾಪ್ತಿಯ ಹೊರಗಿನ 192.168.1.50ನ್ನು ಕೊಡುತ್ತೇನೆ, ಪಟ್ಟಿಯಲ್ಲಿ ಮೇಲೆಯೇ ಕಾಣಿಸುತ್ತದೆ. ವ್ಯಾಪ್ತಿಯ ಒಳಗಿನದೇ ಬೇಕೆಂದು ರೂಟರು ಹಟ ಹಿಡಿದರೆ, ಆಗ ಯಾರ ಬಳಿಯೂ ಇಲ್ಲದ 190ರಂಥದ್ದನ್ನು ಆರಿಸಿ.

ಉಳಿಸಿದ ಕೂಡಲೇ ಏನೂ ಬದಲಾಗಲಿಲ್ಲವೆಂದು ಗಾಬರಿಯಾಗಬೇಡಿ. ಪ್ರಿಂಟರ್ ಇನ್ನೂ ಹಳೆಯ ಬಾಡಿಗೆಯಲ್ಲೇ ಇದೆ. ಅದನ್ನು ಆಫ್ ಮಾಡಿ ಮತ್ತೆ ಹಾಕಿ, ಕಂಪ್ಯೂಟರಿನಲ್ಲಿ ಹೀಗೆ ಕೇಳಿ:

```
ping 192.168.1.50
arp -a
```

ಎರಡನೆಯ ಆಜ್ಞೆಗೆ ಬಂದ ಪಟ್ಟಿಯಲ್ಲಿ 192.168.1.50ರ ಎದುರು ನಿಮ್ಮ ಪ್ರಿಂಟರಿನದೇ ಮ್ಯಾಕ್ ವಿಳಾಸ ಇರಬೇಕು. ಬೇರೆಯದು ಇದ್ದರೆ ಆ ಸಂಖ್ಯೆಯಲ್ಲಿ ಇನ್ಯಾರೋ ಕುಳಿತಿದ್ದಾರೆ.

ಇಷ್ಟಾದರೂ ‘ಆಫ್‌ಲೈನ್’ ಎನ್ನಬಹುದು, ಏಕೆಂದರೆ ಕಂಪ್ಯೂಟರು ಹಳೆಯ ಸಂಖ್ಯೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ವಿಂಡೋಸಿನಲ್ಲಿ `Printer properties` ತೆರೆದು `Ports` ಎಂಬಲ್ಲಿ ಹೊಸ ಸಂಖ್ಯೆಯ `Standard TCP/IP Port` ಸೇರಿಸಿ. ಇದನ್ನು ಒಮ್ಮೆ ಮಾಡಿದರೆ ಸಾಕು.

ಇದೇ ಉಪಾಯವನ್ನು ಮೊಬೈಲಿಗೆ ಮಾಡಲು ಹೊರಟರೆ ಒಂದು ತೊಡಕಿದೆ. ಇತ್ತೀಚಿನ ಫೋನುಗಳು ಗುರುತು ಮರೆಸಲು ನಕಲಿ ಮ್ಯಾಕ್ ವಿಳಾಸವನ್ನು ತೋರಿಸುತ್ತವೆ. ವಿಳಾಸದ ಎರಡನೆಯ ಅಕ್ಷರ 2, 6, A ಅಥವಾ E ಆಗಿದ್ದರೆ ಅದು ಅಂಥದ್ದೇ ಎಂದು ತಿಳಿಯಬಹುದು. ಅದು ಬದಲಾದರೆ ರೂಟರಿಗೆ ಫೋನು ಹೊಸಬನಂತೆ ಕಾಣುತ್ತದೆ, ಕಾಯ್ದಿರಿಸಿದ ಸಂಖ್ಯೆ ಖಾಲಿ ಬಿದ್ದಿರುತ್ತದೆ. ಮನೆಯ ವೈಫೈಗೆ ಮಾತ್ರ ಆ ಆಯ್ಕೆಯನ್ನು ನಿಲ್ಲಿಸಿ. ಐಫೋನಿನಲ್ಲಿ ಅದರ ಹೆಸರು `Private Wi-Fi Address`.

ಇನ್ನೊಂದು ಮಾತು. ಕಾಯ್ದಿರಿಸಿದ್ದು ರೂಟರಿನ ಒಳಗೆ, ಪ್ರಿಂಟರಿನಲ್ಲಿ ಅಲ್ಲ. ಕರೆಂಟು ಹೋದರೆ ಅದಕ್ಕೆ ಏನೂ ಆಗುವುದಿಲ್ಲ, ಆದರೆ ಇಂಟರ್ನೆಟ್ ಸಂಪರ್ಕ ಕೊಟ್ಟವರು ಬಂದು ರೂಟರನ್ನು ರೀಸೆಟ್ ಮಾಡಿದರೆ ಅಥವಾ ಹೊಸದನ್ನು ಇಟ್ಟರೆ ಅಳಿಸಿಹೋಗುತ್ತದೆ. ಮ್ಯಾಕ್ ವಿಳಾಸವನ್ನೂ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು ಪ್ರಿಂಟರಿನ ಬೆನ್ನಿಗೆ ಅಂಟಿಸಿಡಿ.