ಸಾಲ ಬೇಗ ತೀರಿಸಲಾ, ಎಸ್‌ಐಪಿ ಹಾಕಲಾ?

ಪ್ರಶ್ನೆ: 40 ಲಕ್ಷ ಹೋಮ್ ಲೋನ್ ಇದೆ, ಶೇ. 8.5 ಬಡ್ಡಿ, 20 ವರ್ಷ. ತಿಂಗಳಿಗೆ 10,000 ಉಳಿಯುತ್ತೆ. ಸಾಲಕ್ಕೇ ಕಟ್ಟಲಾ, ಬೇರೆ ಕಡೆ ಹಾಕಲಾ?

ಉತ್ತರ: ನಿಮ್ಮ ಇಎಂಐ ಸುಮಾರು 34,700 ಇರಬೇಕು. ಮೊದಲ ತಿಂಗಳಿಂದಲೇ 10,000 ಜಾಸ್ತಿ ಕಟ್ಟಿದರೆ ಸಾಲ 12 ವರ್ಷದೊಳಗೆ ಮುಗಿಯುತ್ತದೆ, ಬಡ್ಡಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಇದನ್ನು 20 ವರ್ಷದ ಎಸ್‌ಐಪಿ ಮೊತ್ತದ ಪಕ್ಕ ಇಟ್ಟು ಹೋಲಿಸುವವರೇ ಜಾಸ್ತಿ. ಅದು ತಪ್ಪು. ಸಾಲ ತೀರಿದ ಮೇಲೆ ಉಳಿದ 8 ವರ್ಷ ತಿಂಗಳಿಗೆ 44,700 ನಿಮ್ಮ ಕೈಯಲ್ಲೇ ಇರುತ್ತದಲ್ವಾ, ಅದನ್ನೂ ಹೂಡಿದರೆ?

ಹಾಗಾಗಿ ನೋಡಬೇಕಾದ್ದು ಒಂದೇ: ತೆರಿಗೆ ಕಳೆದು ನಿಮಗೆ ಶೇ. 8.5ಕ್ಕಿಂತ ಜಾಸ್ತಿ ಸಿಗುತ್ತಾ? ಶೇ. 7ರ ಎಫ್‌ಡಿಯಲ್ಲಿ, ನೀವು ಶೇ. 30ರ ಸ್ಲ್ಯಾಬ್‌ನಲ್ಲಿದ್ದರೆ, ಕೈಗೆ ಬರುವುದು ಶೇ. 5ಕ್ಕೂ ಕಡಿಮೆ. ಸಾಲ ಇಟ್ಟುಕೊಂಡು ಎಫ್‌ಡಿ ಮಾಡುವುದು ಸುಮ್ನೆ ನಷ್ಟ. ಈಕ್ವಿಟಿ ಫಂಡ್ ದೀರ್ಘಾವಧಿಯಲ್ಲಿ ಗೆಲ್ಲಬಹುದು, ಆದರೆ ಗ್ಯಾರಂಟಿ ಇಲ್ಲ. ಸಾಲ ಕಟ್ಟಿದರೆ ಮಾತ್ರ ಆ ಉಳಿತಾಯ ಖಚಿತ.

ನಾನಾಗಿದ್ದರೆ ಆರು ತಿಂಗಳ ಖರ್ಚು ಪಕ್ಕಕ್ಕಿಟ್ಟು, ಆಮೇಲೆ ಸಾಲಕ್ಕೆ 6,000, ಎಸ್‌ಐಪಿಗೆ 4,000 ಹಾಕುತ್ತಿದ್ದೆ. ಸಾಲಕ್ಕೆ ಹೋದ ದುಡ್ಡು ಕಷ್ಟಕಾಲಕ್ಕೆ ವಾಪಸ್ ಸಿಗಲ್ಲ.

ಫ್ಲೋಟಿಂಗ್ ಬಡ್ಡಿಯ ಹೋಮ್ ಲೋನ್‌ಗೆ ಮುಂಗಡ ಕಟ್ಟಿದರೆ ದಂಡ ಇಲ್ಲ. ಆದರೆ ನಾನು ಮೊದಲ ಸಲ ಕಟ್ಟಿದಾಗ ನಮ್ಮ ಬ್ಯಾಂಕಿನವರು ಕೇಳದೆಯೇ ಇಎಂಐ ಇಳಿಸಿಬಿಟ್ಟಿದ್ದರು, ಅವಧಿ ಹಾಗೇ ಇತ್ತು. ‘ಅವಧಿ ಕಡಿಮೆ ಮಾಡಿ’ ಅಂತ ಬರೆದು ಕೊಡಿ, ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ ಕೊನೆಯ ಕಂತಿನ ತಾರೀಖು ಹಿಂದಕ್ಕೆ ಬಂದಿದೆಯಾ ನೋಡಿ.